ಒಟ್ಟು ಹೆಚ್ಚಿದ್ದರೂ ಫೇಲ್ ಏಕೆ?

ಪ್ರಶ್ನೆ: ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಗೆಳತಿಗಿಂತ ನನಗೆ ಅಂಕ ಹೆಚ್ಚು. ಆದರೂ ಅವಳು ಪಾಸ್, ನಾನು ಫೇಲ್. ಹೇಗೆ?
– ಓದುಗರೊಬ್ಬರು, ಕುಶಾಲನಗರ

ಉತ್ತರ: ಈ ಪರೀಕ್ಷೆಯಲ್ಲಿ ಇಂಗ್ಲಿಷ್‌ಗೆ 30, ಗಣಿತ ಮತ್ತು ರೀಸನಿಂಗ್‌ಗೆ ತಲಾ 35 ಅಂಕ. ಮೂರರಲ್ಲೂ ಬೇರೆ ಬೇರೆ ಕನಿಷ್ಠ ಅಂಕ ದಾಟಬೇಕು, ಆಮೇಲೆ ಒಟ್ಟು ಕಟಾಫ್ ಕೂಡ ದಾಟಬೇಕು. ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚಳ ತುಂಬಿಕೊಡುವುದಿಲ್ಲ.

ಲೆಕ್ಕಕ್ಕಾಗಿ ಇಂಗ್ಲಿಷ್ ಕಟಾಫ್ 9, ಒಟ್ಟು ಕಟಾಫ್ 60 ಎಂದಿಟ್ಟುಕೊಳ್ಳಿ. ನಿಮ್ಮದು ಇಂಗ್ಲಿಷ್ 7, ಗಣಿತ 32, ರೀಸನಿಂಗ್ 31, ಒಟ್ಟು 70. ಗೆಳತಿಯದು 12, 24, 27, ಒಟ್ಟು 63. ಅವಳು ಪಾಸ್, ನೀವು ಇಂಗ್ಲಿಷ್‌ನಲ್ಲೇ ಹೊರಗೆ. ಹಾಗೆಂದು ಮೂರರಲ್ಲೂ ಹನ್ನೊಂದು ಹನ್ನೊಂದು ತೆಗೆದರೆ ಸಾಲದು. 33 ಎಲ್ಲಿ, 60 ಎಲ್ಲಿ!

ಆ 7 ಬಂದದ್ದು ಹೇಗಿರಬಹುದು? ಹತ್ತು ಸರಿ, ಹನ್ನೆರಡು ತಪ್ಪು. ತಪ್ಪಿಗೆ ಕಾಲು ಅಂಕದಂತೆ 3 ಕಳೆಯಿತು. ಗೊತ್ತಿದ್ದ ಹತ್ತನ್ನಷ್ಟೇ ಬರೆದು ಸುಮ್ಮನಿದ್ದಿದ್ದರೆ 10 ಉಳಿದು ದಾಟುತ್ತಿದ್ದಿರಿ. ಪ್ರತಿ ವಿಭಾಗಕ್ಕೂ 20 ನಿಮಿಷ ಪ್ರತ್ಯೇಕವಾದ್ದರಿಂದ ಗಣಿತದಲ್ಲಿ ಉಳಿಸಿದ ಸಮಯವೂ ಇಂಗ್ಲಿಷ್‌ಗೆ ಸಿಗದು.

ಕಟಾಫ್ ನಿಗದಿಯಾಗುವುದು ಪರೀಕ್ಷೆ ಮುಗಿದ ಮೇಲೆ. ಹಾಗಾಗಿ ಮೊದಲೇ ಗುರಿಯ ಅಂಕ ಹೇಳುವವರನ್ನು ಅಷ್ಟಾಗಿ ನಂಬಬೇಡಿ. ನಿಮ್ಮ ಸ್ಕೋರ್ ಕಾರ್ಡ್‌ನಲ್ಲಿ ಒಟ್ಟಿಗಿಂತ ಮೊದಲು ವಿಭಾಗವಾರು ಸಾಲನ್ನು ನೋಡಿ. ಅಂದಹಾಗೆ, ಎಸ್‌ಬಿಐ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಈ ವಿಭಾಗವಾರು ಕಟಾಫ್ ಇಲ್ಲ.