ಎದುರಿಗಿನ ಅಂಕಿ ಯಾರಿಗೆ, ಎಲ್ಲಿಯವರೆಗೆ?

ವಿಜಯಪುರದಿಂದ ಮನಗೂಳಿವರೆಗೆ ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ 50, ಅಲ್ಲಿಂದ ಎಡಕ್ಕೆ ಹೊರಳಿದರೆ ಬಸವನಬಾಗೇವಾಡಿಗೆ ರಾಜ್ಯ ಹೆದ್ದಾರಿ, ಊರು ಸೇರಿದ ಮೇಲೆ ಸಂತೆಪೇಟೆ, ಓಣಿ, ಶಾಲೆ. ಮುಳವಾಡ ಸೀಮೆಯ ಜನರಿಗೆ ಇದು ದಿನನಿತ್ಯದ ದಾರಿ. ಗಾಡಿ ಒಂದೇ, ಓಡಿಸುವವನೂ ಒಬ್ಬನೇ, ಆದರೆ ಒಂದು ತಾಸೊಳಗೆ ಅವನ ವೇಗದ ಮಿತಿ ಮೂರ್ನಾಲ್ಕು ಸಲ ಬದಲಾಗಿರುತ್ತದೆ. ಇದರ ಬಗ್ಗೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿಬರುವ ಮಾತುಗಳಲ್ಲಿ ಅರ್ಧದಷ್ಟು ತಪ್ಪು.

ತಪ್ಪು ಕಲ್ಪನೆ: ನಾಲ್ಕು ಪಥದ ಹೆದ್ದಾರಿಯಲ್ಲಿ ಎಲ್ಲರಿಗೂ ನೂರು

ನೂರು ಇರುವುದು ಕಾರಿಗೆ. ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಮಿತಿಯನ್ನು ರಸ್ತೆ ನೋಡಿ ಮಾತ್ರವಲ್ಲ, ವಾಹನ ನೋಡಿಯೂ ಕಟ್ಟಲಾಗಿದೆ. ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ, ಚಾಲಕನನ್ನು ಬಿಟ್ಟು ಎಂಟು ಸೀಟಿನವರೆಗಿನ ವಾಹನಕ್ಕೆ ಗಂಟೆಗೆ 100 ಕಿ.ಮೀ. ಒಂಬತ್ತು ಅಥವಾ ಹೆಚ್ಚು ಸೀಟಿದ್ದರೆ 90. ಅಂದರೆ ಮದುವೆ ದಿಬ್ಬಣ ತುಂಬಿಕೊಂಡು ಹೋಗುವ ಕ್ರೂಸರ್, ಪಕ್ಕದ ಕಾರಿನಷ್ಟು ಓಡುವಂತಿಲ್ಲ. ಲಾರಿಗೂ ಬೈಕಿಗೂ 80. ಟಂಟಂ ಆದರೆ 50.

ಮನಗೂಳಿಯಲ್ಲಿ ಹೊರಳಿ ವಿಭಜಕವಿಲ್ಲದ ರಸ್ತೆಗೆ ಇಳಿದ ಕೂಡಲೇ ಈ ಲೆಕ್ಕ ಮುಗಿಯಿತು. ಅಲ್ಲಿ ಕಾರಿಗೆ 70, ಕ್ರೂಸರ್, ಬಸ್ಸು, ಲಾರಿ, ಬೈಕಿಗೆ 60. ಫಲಕದ ಮೇಲೆ 'ಹೆದ್ದಾರಿ' ಎಂದಿದ್ದರೆ ಸಾಲದು, ನಡುವೆ ವಿಭಜಕ ಇದೆಯೇ ಎಂಬುದೇ ಮುಖ್ಯ. ಸಿಂದಗಿ ಕಡೆಯ ರಸ್ತೆಗೂ ರಾಷ್ಟ್ರೀಯ ಹೆದ್ದಾರಿ 50 ಎಂದೇ ಹೆಸರು. ಆದರೆ ಎರಡು ಪಥದ ತುಣುಕಿನಲ್ಲಿ ನೂರರ ಮಾತೇ ಬರುವುದಿಲ್ಲ.

ಈ ಅಂಕಿಗಳು ಗರಿಷ್ಠ ಮಾತ್ರ. ಹೆಚ್ಚಿಸಿದ ಈ ಮಿತಿಗಳನ್ನು ಮದ್ರಾಸ್ ಹೈಕೋರ್ಟ್ 2021ರಲ್ಲಿ ರದ್ದುಗೊಳಿಸಿ, 2014ರ ಕಡಿಮೆ ಮಿತಿಗಳನ್ನೇ ಮರಳಿ ತರುವಂತೆ ಹೇಳಿದ್ದೂ ಉಂಟು. ರಸ್ತೆಯ ಮೇಲೆ ಇರುವಾಗ ಬಾಯಿಪಾಠದ ಅಂಕಿಗಿಂತ ಎದುರಿಗೆ ನೆಟ್ಟ ಫಲಕವನ್ನೇ ನಂಬುವುದು ಲೇಸು.

ತಪ್ಪು ಕಲ್ಪನೆ: ಓಣಿಯಲ್ಲಿ ಬೋರ್ಡ್ ಇಲ್ಲ, ಅಂದಮೇಲೆ ಮಿತಿಯೂ ಇಲ್ಲ

ಜನವಸತಿ ಬೀದಿಗೆಂದೇ ಪ್ರತ್ಯೇಕ ಅಂಕಿ ಕೇಂದ್ರದ ಪಟ್ಟಿಯಲ್ಲಿ ಇಲ್ಲ, ಇದು ನಿಜ. ಪುರಸಭೆ ವ್ಯಾಪ್ತಿಯ ರಸ್ತೆಯಲ್ಲಿ ಕಾರಿಗೆ 70 ಎಂದಿದೆ. ಇದನ್ನು ಓದಿ, ಬಾಗೇವಾಡಿಯ ಓಣಿಯಲ್ಲಿ 70ರಲ್ಲಿ ಹೋಗಬಹುದು ಎಂದುಕೊಂಡರೆ ಕಾಯ್ದೆಯ ಇನ್ನೊಂದು ಕಲಂ ಕಾದಿರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 184ನೇ ಕಲಂ ಅಂಕಿಯನ್ನೇ ಕೇಳುವುದಿಲ್ಲ. ಆ ಜಾಗದ ಸ್ವರೂಪ, ಅದರ ಬಳಕೆ, ಆ ಹೊತ್ತಿನ ಜನಸಂಚಾರ ನೋಡಿದಾಗ ಆ ವೇಗ ಅಪಾಯಕಾರಿಯೇ ಎಂದಷ್ಟೇ ಕೇಳುತ್ತದೆ. ಕಟ್ಟೆಯ ಮೇಲೆ ಹಿರಿಯರು ಕೂತಿರುವ, ಆಡು ಅಡ್ಡ ಬರುವ, ಹುಡುಗರು ಲಗೋರಿ ಆಡುವ ಓಣಿಯಲ್ಲಿ 40 ಕೂಡ ಅಪಾಯಕಾರಿ ಚಾಲನೆ ಆಗಬಹುದು. ಶಿಕ್ಷೆಯೂ ಬಿಗಿ: ಮೊದಲ ಸಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದ ಜೈಲು, ಅಥವಾ ಎರಡೂ. ಬರೀ ಮಿತಿ ಮೀರಿದ್ದಕ್ಕೆ 183ನೇ ಕಲಂ ಕೆಳಗೆ ಕಾರಿನವನಿಗೆ ಬೀಳುವುದು 1,000ದಿಂದ 2,000.

ತಪ್ಪು ಕಲ್ಪನೆ: ಮಕ್ಕಳ ಚಿತ್ರದ ತ್ರಿಕೋನವೇ ಶಾಲಾ ವಲಯದ ಮಿತಿ

ತ್ರಿಕೋನ ಎಚ್ಚರಿಸುತ್ತದೆ, ವೃತ್ತ ಆಜ್ಞಾಪಿಸುತ್ತದೆ. ಕೆಂಪು ಅಂಚಿನ ತ್ರಿಕೋನದಲ್ಲಿ ಇಬ್ಬರು ಮಕ್ಕಳಿದ್ದರೆ 'ಮುಂದೆ ಶಾಲೆ ಇದೆ' ಎಂದಷ್ಟೇ ಅರ್ಥ. ಕೆಂಪು ಅಂಚಿನ ಬಿಳಿ ವೃತ್ತದೊಳಗೆ ಕಪ್ಪು ಅಂಕಿ ಇದ್ದರೆ ಮಾತ್ರ ಅದು ವೇಗದ ಮಿತಿ. ಸರಿಯಾಗಿ ಗುರುತಿಸಿದ ಶಾಲಾ ವಲಯದಲ್ಲಿ ಮೊದಲು ತ್ರಿಕೋನ ಸಿಗುತ್ತದೆ, ಆಮೇಲೆ ವೃತ್ತ. ಅಂಕಿ ಸಾಮಾನ್ಯವಾಗಿ 25. ವೇಳೆ ಬರೆದ ಪಟ್ಟಿ ಕೆಳಗಿಲ್ಲದಿದ್ದರೆ ಆ ಮಿತಿ ಇಡೀ ದಿನಕ್ಕೆ, ಭಾನುವಾರಕ್ಕೂ.

25 ಯಾಕೆ ಎಂಬುದಕ್ಕೆ ಉತ್ತರ ರಸ್ತೆ ಎಂಜಿನಿಯರುಗಳ ಕೋಷ್ಟಕದಲ್ಲಿದೆ. ಎದುರಿಗೆ ಏನೋ ಕಂಡು, ಮನಸ್ಸಿಗೆ ನಾಟಿ, ಕಾಲು ಬ್ರೇಕಿಗೆ ಹೋಗಲು ಎರಡೂವರೆ ಸೆಕೆಂಡು ಬೇಕು ಎಂದು ಭಾರತೀಯ ರಸ್ತೆ ಕಾಂಗ್ರೆಸ್ ಲೆಕ್ಕ ಹಿಡಿಯುತ್ತದೆ. 60ರಲ್ಲಿರುವ ಗಾಡಿ ಬ್ರೇಕ್ ಮುಟ್ಟುವ ಮೊದಲೇ 42 ಮೀಟರ್ ಹೋಗಿಬಿಟ್ಟಿರುತ್ತದೆ, ಪೂರ್ತಿ ನಿಲ್ಲಲು ಸುಮಾರು 80 ಮೀಟರ್ ಬೇಕು. 100ರಲ್ಲಿದ್ದರೆ 180. ಅದೇ 25ರಲ್ಲಿದ್ದರೆ 25 ಮೀಟರಿಗೇ ನಿಲ್ಲುತ್ತದೆ. ಶಾಲೆಯ ಗೇಟಿನಿಂದ ಓಡಿಬರುವ ಹುಡುಗ ಎಂಬತ್ತು ಮೀಟರ್ ಮೊದಲೇ ಸೂಚನೆ ಕೊಟ್ಟು ಬರುವುದಿಲ್ಲ.

ತಡವಾಗುತ್ತದೆ ಎನ್ನುವವರಿಗೂ ಒಂದು ಲೆಕ್ಕ. ಶಾಲೆಯ ಆಚೀಚೆ ಸೇರಿ 300 ಮೀಟರ್ ಎಂದುಕೊಳ್ಳಿ. 60ರಲ್ಲಿ ಹೋದರೆ 18 ಸೆಕೆಂಡು, 25ರಲ್ಲಿ ಹೋದರೆ 43. ಕಳೆದುಕೊಳ್ಳುವುದು 25 ಸೆಕೆಂಡು.

ಬೋರ್ಡಿಗಿಂತ ಹಂಪ್ಸೇ ಮೇಲು ಎನ್ನುವವರ ಮಾತಿನಲ್ಲಿ ಹುರುಳಿದೆ, ಆದರೆ ಹಂಪ್ಸಿಗೂ ಅಳತೆ ಇದೆ: 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಹಾಗೆ ಕಟ್ಟಿದ್ದರ ಮೇಲೆ ಗಾಡಿ 25ರಲ್ಲಿ ಮೆತ್ತಗೆ ಏರಿ ಇಳಿಯುತ್ತದೆ. ಒಂದು ಬುಟ್ಟಿ ಕಾಂಕ್ರೀಟು ಸುರಿದು ಮಾಡಿದ ಗಿಡ್ಡ ದಿಣ್ಣೆ ಹಿಂದೆ ಕೂತ ಹೆಣ್ಣುಮಗಳನ್ನು ಬೈಕಿನಿಂದ ಕೆಡವುತ್ತದೆ, ಅಷ್ಟೇ.

ತಪ್ಪು ಕಲ್ಪನೆ: ಊರವರು ಸೇರಿ ಬೋರ್ಡ್ ಬರೆಸಿದರೆ ಸಾಕು

ಗೋಡೆಯ ಮೇಲೆ 'ವೇಗ 20' ಎಂದು ಬರೆಸುವುದು ಒಳ್ಳೆಯ ಮನಸ್ಸಿನ ಕೆಲಸ, ಕಾನೂನಿನ ಕೆಲಸವಲ್ಲ. ಮಿತಿ ನಿಗದಿ ಮಾಡಲು 112ನೇ ಕಲಂ ಎರಡು ಹೆಜ್ಜೆ ಕೇಳುತ್ತದೆ: ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಬೇಕು, ಜೊತೆಗೆ ತಕ್ಕ ಜಾಗದಲ್ಲಿ ಫಲಕ ನೆಡಬೇಕು. ಜಾತ್ರೆಗೋ ಕಾಮಗಾರಿಗೋ ಒಂದು ತಿಂಗಳು ಮೀರದ ಮಿತಿಯಾದರೆ ರಾಜ್ಯಪತ್ರದ ಹೆಜ್ಜೆ ಬೇಡ, ಫಲಕ ಮಾತ್ರ ಬೇಕೇ ಬೇಕು. ಫಲಕದ ಆಕಾರ, ಬಣ್ಣ, ಅಳತೆ ಕಾಯ್ದೆಯ ಮೊದಲ ಅನುಸೂಚಿಯಂತೆ ಇರಬೇಕು. ಅಂಗಡಿಯ ಜಾಹೀರಾತಿನ ಕೆಳಗೆ ಬರೆದ 'ನಿಧಾನವಾಗಿ ಚಲಿಸಿ' ಸಂಚಾರ ಚಿಹ್ನೆ ಅಲ್ಲ.

ತಪ್ಪು ಕಲ್ಪನೆ: ಪೊಲೀಸರ ಕಣ್ಣಳತೆಯೇ ಸಾಕ್ಷಿ

ಒಬ್ಬರು 'ಜೋರಾಗಿ ಬಂದ' ಎಂದಷ್ಟಕ್ಕೇ ಅತಿವೇಗದ ಶಿಕ್ಷೆ ಕೊಡುವಂತಿಲ್ಲ, ಆ ಅಂದಾಜಿನ ಹಿಂದೆ ಯಂತ್ರದ ಅಳತೆ ಇರಬೇಕು. ಕ್ಯಾಮೆರಾ ಇರುವ ತುಣುಕಿಗೆ ಮುಂಚೆಯೇ ಅದರ ಸೂಚನಾ ಫಲಕ ಕಾಣುವಂತಿರಬೇಕು, ದಂಡದ ನೋಟಿಸು 15 ದಿನದೊಳಗೆ ಬರಬೇಕು ಎಂಬುದು 2021ರಲ್ಲಿ ಬಂದ ಕೇಂದ್ರ ನಿಯಮ.

ನಿಮ್ಮೂರ ಶಾಲೆಯ ಮುಂದೆ ತ್ರಿಕೋನ ಮಾತ್ರ ಇದ್ದು ಅಂಕಿಯ ವೃತ್ತ ಇಲ್ಲದಿದ್ದರೆ, ಅಥವಾ ಇದ್ದ ಫಲಕವನ್ನು ಜಾಲಿ ಕಂಟಿ ಮುಚ್ಚಿದ್ದರೆ, ಎಸ್‌ಡಿಎಂಸಿಯ ಠರಾವು ಮಾಡಿಸಿ ಜಿಲ್ಲಾಧಿಕಾರಿಗೆ ಕೊಡಿ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರು ಅವರೇ. ಪೊಲೀಸ್, ಸಾರಿಗೆ, ಲೋಕೋಪಯೋಗಿ ಇಲಾಖೆಯವರೂ ಆ ಸಮಿತಿಯಲ್ಲಿ ಇರುತ್ತಾರೆ. ಅರ್ಜಿಯಲ್ಲಿ ರಸ್ತೆಯ ಹೆಸರು, ಸಮೀಪದ ಕಿಲೋಮೀಟರ್ ಕಲ್ಲಿನ ಅಂಕಿ ಬರೆದು, ಎರಡೂ ಕಡೆಯಿಂದ ತೆಗೆದ ಫೋಟೊ ಲಗತ್ತಿಸಿ.