ಕಿಲ್ಲಾರಿ ನಡುಗಿದರೆ ಗುಡೂರಿನ ಭಾಂಡೆ ಯಾಕೆ ಅಲುಗಿದವು?

ಗುಡೂರಿನ ಒಂದು ಮನೆಯ ಕತೆ ಎಂದುಕೊಂಡು ಇದನ್ನು ಓದಿ. ಕಲ್ಲು–ಮಣ್ಣಿನ ದಪ್ಪ ಗೋಡೆ, ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದಿ. ಒಂಬತ್ತನೇ ತರಗತಿಯ ಮೊಮ್ಮಗಳು ಭೂಕಂಪದ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಾಳೆ. ಆಯಿ ನಡುವೆ ಬಾಯಿ ಹಾಕುತ್ತಾಳೆ.

‘ಭೂಕಂಪ ನಾ ಕಂಡೀನಿ, ತಂಗಿ. ಗಣಪ್ಪನ್ನ ಕಳಿಸಿ ಬಂದು ಮಲಗಿದ್ವಿ. ಇನ್ನೂ ಕತ್ತಲಿತ್ತು. ಅಡಗಿ ಮನ್ಯಾಗ ಭಾಂಡೆ ಗಳಗಳ ಅಂದ್ವು. ಬೆಕ್ಕ ಬಂತೇನಂತ ಎದ್ದು ಕುಂತೆ. ಆಮ್ಯಾಲೆ ನೆಲಾನ ತೂಗಿಧಂಗಾತು.’

ಅದು 1993ರ ಸೆಪ್ಟೆಂಬರ್ 30. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 6.2 ಪ್ರಮಾಣದ ಭೂಕಂಪವಾಯಿತು. ಅಲ್ಲಿಂದ ಗುಡೂರಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆಯಿ ಹೇಳುವ ಕ್ರಮ ವಿಜ್ಞಾನಕ್ಕೆ ಸರಿಹೊಂದುತ್ತದೆ. ಬಂಡೆ ಮುರಿದಾಗ ಎರಡು ಬಗೆಯ ಅಲೆಗಳು ಒಟ್ಟಿಗೇ ಹೊರಡುತ್ತವೆ. ಬಂಡೆಯನ್ನು ಹಿಂದೆ ಮುಂದೆ ಒತ್ತುತ್ತ ಸಾಗುವ ಮೊದಲ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ, ಅಡ್ಡಡ್ಡ ಅಲುಗಿಸುವ ಎರಡನೆಯದು ಸುಮಾರು ಮೂರೂವರೆ ಕಿ.ಮೀ. ಇಷ್ಟು ದೂರ ಬರುವಷ್ಟರಲ್ಲಿ ಎರಡರ ನಡುವೆ 25 ಸೆಕೆಂಡಿನಷ್ಟು ಅಂತರ ಬೀಳುತ್ತದೆ. ಭಾಂಡೆ ಸದ್ದು ಮಾಡಿದ್ದಕ್ಕೂ ನೆಲ ತೂಗಿದ್ದಕ್ಕೂ ನಡುವೆ ಆಯಿಗೆ ಎದ್ದು ಕೂರಲು ಸಿಕ್ಕ ಹೊತ್ತು ಅದೇ.

ಮೊಮ್ಮಗಳು ಪುಸ್ತಕದ ಉತ್ತರ ಹೇಳುತ್ತಾಳೆ: ‘ಭೂಮಿ ಮ್ಯಾಲಿನ ಪದರ ಒಂದ ತುಂಡಲ್ಲ, ಆಯಿ. ದೊಡ್ಡ ದೊಡ್ಡ ಫಲಕ ಅದಾವು. ನಮ್ಮ ಫಲಕ ವರ್ಷಕ್ಕ ಸುಮಾರು ಐದು ಸೆಂಟಿಮೀಟರ್ ಈಶಾನ್ಯಕ್ಕ ಸರೀತೈತಿ. ಏಷ್ಯಾದ ಫಲಕಕ್ಕ ಹಾಯ್ದು ಹಿಮಾಲಯ ಎದ್ದೈತಿ.’

‘ಹಾಯೋದು ಹಿಮಾಲಯದಾಗಂದ್ರ ಅಲ್ಲೇ ನಡಗಬೇಕಲ್ಲ? ಕಿಲ್ಲಾರಿ ಯಾಕ ನಡಗಿತು?’

ಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಭೂವಿಜ್ಞಾನಿಗಳನ್ನೂ ಕಾಡಿದ ಪ್ರಶ್ನೆ ಇದು. ಫಲಕದ ಅಂಚಿನಿಂದ ದೂರದ ದಖ್ಖನ್ ನೆಲ ಗಟ್ಟಿ ಎಂಬ ನಂಬಿಕೆಯಿತ್ತು. ಆಗಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 1967ರಲ್ಲಿ ಕೊಯ್ನಾ ನಡುಗಿತ್ತಾದರೂ ಅಲ್ಲಿ ದೊಡ್ಡ ಜಲಾಶಯವಿತ್ತು, ಅದರ ನೀರಿನತ್ತ ಬೆರಳು ತೋರಿಸಬಹುದಿತ್ತು.

ಸುಮಾರು ಐದು ಕೋಟಿ ವರ್ಷಗಳಿಂದ ಏಷ್ಯಾವನ್ನು ತಳ್ಳುತ್ತಿರುವ ಈ ಫಲಕಕ್ಕೆ ಉತ್ತರದಿಂದ ಎದುರು ಒತ್ತು ಬೀಳುತ್ತಲೇ ಇದೆ. ಅದು ಹಿಮಾಲಯದಲ್ಲೇ ನಿಲ್ಲದೆ ಒಳನಾಡಿನ ಬಂಡೆಗೂ ಹರಿದು ಬರುತ್ತದೆ. ಕಿಲ್ಲಾರಿಯಲ್ಲಿ ಕೊರೆದು ನೋಡಿದಾಗ ಮೇಲೆ ಮುನ್ನೂರು ಮೀಟರಿಗೂ ದಪ್ಪ ಕಪ್ಪುಕಲ್ಲು, ಅದರ ಕೆಳಗೆ ಹಳೆಯ ಗ್ರಾನೈಟ್ ಜಾತಿಯ ಬಂಡೆ ಸಿಕ್ಕಿತು. ಇಂಥ ಹಳೆಯ ಬಂಡೆಯಲ್ಲಿ ಎಂದೋ ಬಿದ್ದ ಸೀಳುಗಳಿರುತ್ತವೆ, ಮೇಲಿನ ಕಪ್ಪುಕಲ್ಲು ಅವನ್ನು ಮರೆಮಾಡುತ್ತದೆ.

ಪಾಠದಲ್ಲಿಲ್ಲದ ಇಷ್ಟನ್ನು ಬೇರೆಡೆ ಹುಡುಕಿ ಓದಿ ಮೊಮ್ಮಗಳು ತಡವರಿಸುತ್ತ ಹೇಳಿದಾಗ ಆಯಿಗೆ ತನ್ನ ರೊಟ್ಟಿ ಬುಟ್ಟಿ ನೆನಪಾಯಿತು. ‘ಖಡಕ್ ರೊಟ್ಟಿ ಅಂಚು ಹಿಡದು ಒತ್ತಿದ್ರ ಅಂಚ ಮುರೀಬೇಕಂತಿಲ್ಲ. ನಡಬರಕ ಎಲ್ಲಿ ಸೀಳೈತಿ, ಅಲ್ಲೇ ಪಟ್ಟಂತ ಮುರೀತೈತಿ. ಹಂಗೇನು?’

ಹಾಗೆಯೇ. ಸೀಳಿನ ಎರಡು ಮಗ್ಗುಲು ಒಂದಕ್ಕೊಂದು ಕಚ್ಚಿಕೊಂಡಿರುವಷ್ಟು ಕಾಲ ಒತ್ತಡ ಕೂಡುತ್ತದೆ. ಹಿಡಿತ ತಪ್ಪಿದ ಕ್ಷಣ ಒಂದು ಮಗ್ಗುಲು ಇನ್ನೊಂದರ ಮೇಲೇರುತ್ತದೆ. ಕಿಲ್ಲಾರಿಯ ಹೊಲಗಳಲ್ಲಿ ನೆಲ ಬಿರಿದು ಒಂದು ಬದಿ ಎದ್ದು ನಿಂತದ್ದು ಕಣ್ಣಿಗೇ ಕಂಡಿತು. ಹಿಂದಿನ ವರ್ಷ, 1992ರಲ್ಲಿ, ಅಲ್ಲಿ ಸಣ್ಣ ಕಂಪನಗಳು ಮತ್ತೆ ಮತ್ತೆ ಆಗಿದ್ದವು. ಆದರೆ ಅವು ಹಾಗೇ ಅಡಗುತ್ತವೋ ದೊಡ್ಡದನ್ನು ತರುತ್ತವೋ ಎಂದು ಹೇಳುವ ವಿದ್ಯೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

6.2 ಜಗತ್ತಿನ ಲೆಕ್ಕದಲ್ಲಿ ಮಹಾ ಕಂಪನವಲ್ಲ. ಆದರೂ ಸುಮಾರು ಎಂಟು ಸಾವಿರ ಜನ ಸತ್ತರು. ಯಾಕೆಂಬುದನ್ನು ಮೊಮ್ಮಗಳಿಗಿಂತ ಆಯಿ ಚೆನ್ನಾಗಿ ಬಲ್ಲಳು. ‘ನಮ್ಮ ಗ್ವಾಡಿ ನೋಡು. ಆಚೀ ಕಡೆ ಒಂದು ಸಾಲು ಕಲ್ಲು, ಈಚೀ ಕಡೆ ಒಂದು ಸಾಲು, ನಡುವ ಹರಳು–ಮಣ್ಣು. ಮಳಿಗೆ ಸೋರತೈತಂತ ವರ್ಷಾ ಮ್ಯಾಲೆ ಮಣ್ಣು ಹಾಕ್ತೀವಿ.’

ಕಿಲ್ಲಾರಿಯ ಮನೆಗಳೂ ಅಂಥವೇ. ಅಲುಗಿದಾಗ ಎರಡು ಸಾಲು ಬೇರೆ ಬೇರೆಯಾಗಿ ಹೊರಳಿದವು, ನಡುವಿನ ಹರಳು ಕುಸಿದು ಅವನ್ನು ಹೊರಕ್ಕೆ ನೂಕಿತು, ಅಡಿಗಟ್ಟಲೆ ಮಣ್ಣಿನ ಮಾಳಿಗೆ ಮಲಗಿದವರ ಮೇಲೆ ಬಿತ್ತು. ಹೊಟ್ಟೆ ಬಂದಂತೆ ಉಬ್ಬಿದ ಗೋಡೆ, ಮೂಲೆಯಲ್ಲಿ ಮೇಲಿಂದ ಕೆಳಗೆ ಬಿಟ್ಟ ಬಿರುಕು ಇದ್ದರೆ ಸಾಲುಗಳು ಆಗಲೇ ಬೇರ್ಪಡುತ್ತಿವೆ ಎಂದು ಅನುಮಾನಿಸಬೇಕು.

2002ರ ನಕ್ಷೆಯಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಿ ಕಿಲ್ಲಾರಿ ಸೀಮೆಯನ್ನು ಮೂರನೆಯದಕ್ಕೆ ಸೇರಿಸಿದರು. ಹಳೆಯ ಗೋಡೆಗೂ ಒಂದು ದಾರಿ ಕಂಡುಕೊಂಡರು. ಮೊದಲು ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸುವುದು. ಆಮೇಲೆ ಗೋಡೆಯ ಕೆಲವು ಕಲ್ಲುಗಳನ್ನು ಮೆಲ್ಲಗೆ ಬಿಡಿಸಿ ಆರಪಾರ ತೂತು ಮಾಡಿ, ತುದಿ ಬಗ್ಗಿಸಿದ ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬುವುದು. ಆಗ ಎರಡೂ ಸಾಲು ಒಂದೇ ಗೋಡೆಯಾಗಿ ಅಲುಗುತ್ತವೆ. ಹೊಸದಾಗಿ ಕಟ್ಟುವವರಿಗೆ ಎರಡು ಸಾಲು ಬೆಸೆಯಲು ಸರಳೂ ಬೇಡ: ಅಲ್ಲಲ್ಲಿ ಗೋಡೆಯ ಪೂರ್ತಿ ದಪ್ಪಕ್ಕೆ ಮುಟ್ಟುವ ಉದ್ದ ಕಲ್ಲು ಇಟ್ಟರೆ ಅದೇ ಆ ಕೆಲಸ ಮಾಡುತ್ತದೆ.