ಮೊದಲ ಸಾಲಿಗೆ ಮನೆಯ ಯಜಮಾನ

1940ರ ಅಮೆರಿಕದ ಜನಗಣತಿ. ಗಣತಿದಾರರ ಕೈಲಿದ್ದ ಹಾಳೆಯ ಒಂದೊಂದು ಮಗ್ಗುಲಿಗೂ 40 ಸಾಲು, ಸಾಲಿಗೊಬ್ಬರ ಹೆಸರು. ಪ್ರತಿ ಮಗ್ಗುಲಲ್ಲೂ ಎರಡು ಸಾಲುಗಳನ್ನು ಮೊದಲೇ ಗುರುತು ಮಾಡಿದ್ದರು. ಆ ಸಾಲಿಗೆ ಬಂದವರಿಗೆ ಮಾತ್ರ ತಂದೆ-ತಾಯಿ ಹುಟ್ಟಿದ ದೇಶ, ಮಾತೃಭಾಷೆ ಮುಂತಾದ ಹೆಚ್ಚಿನ ಪ್ರಶ್ನೆಗಳು. 40ಕ್ಕೆ 2, ಅಂದರೆ ನೂರಕ್ಕೆ 5 ಮಂದಿಯ ಮಾದರಿ.

ಪಟ್ಟಿಯಿಂದ ಹೀಗೆ ಸಮಾನ ಅಂತರದಲ್ಲಿ ಹೆಸರು ಆರಿಸುವುದೇ ಕ್ರಮಬದ್ಧ ಮಾದರಿ ಆಯ್ಕೆ. ಮೊದಲ ಹೆಸರನ್ನು ಚೀಟಿ ಎತ್ತಿ ಗೊತ್ತುಮಾಡಿದರೆ ಸಾಕು. ಆಮೇಲೆ ಎಣಿಸುತ್ತಾ ಹೋಗುವುದಷ್ಟೇ. ಆದರೆ ಪಟ್ಟಿಗೂ ತನ್ನದೇ ಲಯವಿದ್ದರೆ ಈ ಸುಲಭದ ಎಣಿಕೆಯೇ ದಾರಿ ತಪ್ಪಿಸುತ್ತದೆ.

ಒಂದು ಬೀದಿಯಲ್ಲಿ 20 ಮನೆ, ಮನೆಗೆ ಐವರಂತೆ 100 ಜನ ಎಂದುಕೊಳ್ಳಿ. ಪ್ರತಿ ಮನೆಯಲ್ಲೂ ಮೊದಲು ಯಜಮಾನನ ಹೆಸರು, ಆಮೇಲೆ ಹೆಂಡತಿ, ಮಕ್ಕಳದು. ಈ ಪಟ್ಟಿಯಿಂದ ಐದಕ್ಕೊಬ್ಬರನ್ನು ಆರಿಸೋಣ. ಚೀಟಿಯಲ್ಲಿ 1 ಬಂದರೆ ಸಿಗುವ 20 ಮಂದಿಯೂ ಯಜಮಾನರೇ. 2 ಬಂದರೆ ಇಪ್ಪತ್ತೂ ಹೆಂಡತಿಯರು. ಬೀದಿಯಲ್ಲಿ ಯಜಮಾನರು ನಿಜಕ್ಕೂ ನೂರಕ್ಕೆ 20. ನಮ್ಮ ಲೆಕ್ಕಕ್ಕೆ ಸಿಕ್ಕಿದ್ದು ಒಂದೋ ನೂರಕ್ಕೆ ನೂರು, ಇಲ್ಲವೇ ಸೊನ್ನೆ. ಐದೂ ಆರಂಭಗಳ ಸರಾಸರಿ ತೆಗೆದರೆ 20 ಸರಿಯಾಗಿ ಬರುತ್ತದೆ, ನಿಜ. ಆದರೆ ಸಮೀಕ್ಷೆ ನಡೆಯುವುದು ಒಂದೇ ಆರಂಭದಿಂದ.

ಇದಕ್ಕಿಂತ ದೊಡ್ಡ ಅಪಾಯವೆಂದರೆ ಈ ತಪ್ಪು ಅಂಕಿಗಳಲ್ಲಿ ಕಾಣುವುದಿಲ್ಲ. ಆರಿಸಿದವರೆಲ್ಲ ಒಂದೇ ಬಗೆಯವರಾದ್ದರಿಂದ ಮಾದರಿಯೊಳಗೆ ಏರುಪೇರೇ ಇರದು. ಏರುಪೇರು ಕಡಿಮೆಯಿದ್ದಷ್ಟೂ ಅಂದಾಜು ನಿಖರ ಎಂದು ಮಾಮೂಲಿ ಸೂತ್ರ ಹೇಳುತ್ತದೆ. ಹಾಗಾಗಿ ಅತಿ ಕೆಟ್ಟ ಮಾದರಿಯೇ ಅತಿ ನಂಬಿಕಸ್ಥ ಎನಿಸಿಬಿಡುತ್ತದೆ.

ಅಂತರವನ್ನು 5ರಿಂದ 7ಕ್ಕೆ ಬದಲಿಸಿ ನೋಡಿ. ಈಗ ಎಣಿಕೆ ಒಂದು ಮನೆಯಲ್ಲಿ ಯಜಮಾನನ ಮೇಲೆ ನಿಂತರೆ ಮುಂದಿನ ಸಲ ಇನ್ನೊಂದು ಮನೆಯ ಮಗುವಿನ ಮೇಲೆ ನಿಲ್ಲುತ್ತದೆ. ಎಲ್ಲಿಂದ ಶುರು ಮಾಡಿದರೂ 14 ಅಥವಾ 15 ಮಂದಿಯಲ್ಲಿ ಯಜಮಾನರು ಇಬ್ಬರು, ಇಲ್ಲವೇ ಮೂವರು. ಲಯ ಎಷ್ಟರದ್ದೆಂದು ತಿಳಿಯದಿದ್ದರೆ ಒಂದೇ ದೊಡ್ಡ ಮಾದರಿಯ ಬದಲು, ಬೇರೆ ಬೇರೆ ಕಡೆಯಿಂದ ಶುರುವಾಗುವ ನಾಲ್ಕಾರು ಸಣ್ಣ ಮಾದರಿಗಳನ್ನು ತೆಗೆಯಬಹುದು. ಅವುಗಳ ಉತ್ತರ ಒಂದಕ್ಕೊಂದು ತೀರಾ ದೂರವಿದ್ದರೆ ಪಟ್ಟಿಯಲ್ಲಿ ಲಯ ಅಡಗಿದೆಯೆಂದು ಅನುಮಾನಿಸಬೇಕು.

ನಿಜವಾದ ಬೀದಿಯಲ್ಲಿ ಮನೆಗಳು ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ, ಲಯ ಮಸುಕಾಗಿರುತ್ತದೆ. ಆದರೂ ಗಣತಿದಾರ ಹೊಸ ಹಾಳೆಯನ್ನು ಹೊಸ ಮನೆಯಿಂದ ಶುರು ಮಾಡಿದಾಗಲೆಲ್ಲ ಮೊದಲ ಸಾಲಿಗೆ ಬರುವವನು ಯಜಮಾನ. ಹಾಳೆ ತುಂಬದಿದ್ದರೆ ಖಾಲಿ ಉಳಿಯುವುದು ಕೊನೆಯ ಸಾಲುಗಳು. 1940ರ ಗಣತಿಯವರು ಇದನ್ನು ಮೊದಲೇ ಊಹಿಸಿದ್ದರು. ಅದಕ್ಕೇ ಎಲ್ಲ ಹಾಳೆಗಳಲ್ಲೂ ಒಂದೇ ಸಾಲುಗಳನ್ನು ಗುರುತಿಸದೆ, ಐದು ಬಗೆಯ ಹಾಳೆ ಅಚ್ಚು ಹಾಕಿಸಿ ಹಂಚಿದರು.